ಮಾಟುಂಗಾದಲ್ಲಿ ಕಾಫಿ ಪುಡಿ: ಡಬ್ಬದ್ದಾ, ಎದುರಿಗೇ ಬೀಸಿದ್ದಾ?

ಮುಂಬೈಗೆ ಹೊಸದಾಗಿ ಬಂದವರು ಮಾಟುಂಗಾದ ಅಂಗಡಿಗಳಲ್ಲಿ ಎರಡು ಬಗೆಯ ಪುಡಿ ನೋಡುತ್ತೀರಿ. ಒಂದು ಮೊದಲೇ ಬೀಸಿ ಡಬ್ಬದಲ್ಲಿಟ್ಟದ್ದು. ಇನ್ನೊಂದು, ಹುರಿದ ಬೀಜ ತೂಗಿ ನಿಮ್ಮೆದುರಿಗೇ ಬೀಸಿ ಕೊಡುವುದು.

ಡಬ್ಬದ್ದು ಬೇಗ ಸಿಗುತ್ತದೆ, ಅಷ್ಟೇ. ಬೀಸಿದ ಪುಡಿಯ ಘಮ ಬೇಗ ಹಾರಿಹೋಗುತ್ತದೆ. ಮಳೆಗಾಲದಲ್ಲಂತೂ ಇಲ್ಲಿನ ಗಾಳಿಯ ತೇವ ಹೀರಿ ಗಂಟು ಕಟ್ಟುತ್ತದೆ.

ನನ್ನ ಆಯ್ಕೆ ಬೀಸಿಸುವುದೇ. ಆದರೆ ಸುಮ್ನೆ 'ಕಾಫಿ ಪುಡಿ ಕೊಡಿ' ಅಂದರೆ ಸಾಲದು. ಒಮ್ಮೆ ನಾನು ಹಾಗೇ ಕೇಳಿ, ಮೈದಾದಂಥ ನುಣ್ಣನೆ ಪುಡಿ ತಂದೆ. ಮೂರು ಚಮಚ ಹಾಕಿ ಬಿಸಿನೀರು ಸುರಿದೆ. ಅರ್ಧ ಗಂಟೆಯಾದರೂ ನೀರು ಮೇಲೇ ನಿಂತಿತ್ತು, ಫಿಲ್ಟರಿನ ತೂತು ಕಟ್ಟಿಕೊಂಡಿತ್ತು. ತರಿ ಜಾಸ್ತಿಯಾದರೆ ಇದರ ಉಲ್ಟಾ: ಐದೇ ನಿಮಿಷಕ್ಕೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ. 'ಸ್ಟೀಲ್ ಫಿಲ್ಟರಿಗೆ' ಅಂತಲೇ ಹೇಳಿ. ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ ನೋಡಿ; ಸಣ್ಣ ರವೆಗಿಂತ ನುಣುಪಾಗಿ, ಆದರೂ ತರಿ ತಾಗುವಂತಿರಬೇಕು.

'ಯಾವಾಗ ಹುರಿದದ್ದು?' ಅಂತಲೂ ಕೇಳಿ. ಈ ವಾರದ್ದಾದರೆ ಒಳ್ಳೆಯದು. ಮನೆಯಲ್ಲಿ ಬಿಸಿನೀರು ತಾಗಿದಾಗ ತಾಜಾ ಪುಡಿ ನೊರೆಯೆದ್ದು ಉಬ್ಬುತ್ತದೆ. ಹಳೆಯದು ಸಪ್ಪಗೆ ಕೂರುತ್ತದೆ. ಚಿಕೋರಿ ಬೇಕಿದ್ದರೆ 80ಕ್ಕೆ 20ರಿಂದ ಶುರುಮಾಡಿ. ಒಮ್ಮೆಗೆ 200 ಗ್ರಾಂ ಸಾಕು, ಮುಗಿದ ಮೇಲೆ ಮತ್ತೆ ಹೋಗಿ.