‘ಇದೊಂದು ಮುಗಿಸಿಕೊಡು, ಒಟ್ಟಿಗೇ ಲೆಕ್ಕ ಮಾಡುವಾ’ ಎನ್ನುವ ಗ್ರಾಹಕರ ಬಗ್ಗೆ ಎಚ್ಚರವಿರಲಿ

ಶಿರಸಿಯಲ್ಲಿ ಮನೆಯಿಂದಲೇ ವೆಬ್‌ಸೈಟ್ ಕೆಲಸ ಮಾಡಿಕೊಡುವ ನಾನು, ಕುಮಟಾ–ಗೋಕರ್ಣದ ನಡುವಿನ ಒಂದು ಹೋಮ್‌ಸ್ಟೇ ಮಾಲೀಕರಿಂದ ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಇಲ್ಲಿ ಬೇಡ, ಅವರು ಹಿಡಿದ ದಾರಿಯ ಪರಿಚಯವಾದರೆ ಸಾಕು.

ಐದು ಪುಟಗಳ ವೆಬ್‌ಸೈಟಿಗೆ ₹45,000 ಎಂದು ಮಾತಾಗಿ, ₹15,000 ಮುಂಗಡ ಬಂದಿತ್ತು. ಉಳಿದ ₹30,000ವನ್ನು ‘ಕೆಲಸ ಪೂರ್ಣಗೊಂಡ ಮೇಲೆ’ ಕೊಡುವುದೆಂದು ಅವರೇ ಒಪ್ಪಂದದಲ್ಲಿ ಬರೆಸಿದರು. ಕೆಲಸ ಎಂದಿಗೆ ಪೂರ್ಣವಾಯಿತು ಎಂದು ತೀರ್ಮಾನಿಸುವವರೂ ಅವರೇ ಆದ್ದರಿಂದ, ಹೊಸದೊಂದು ಬೇಡಿಕೆ ಇಟ್ಟಾಗಲೆಲ್ಲ ಹಣ ಕೊಡುವ ದಿನವೂ ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು. ಕೆಲಸ ಬೆಳೆಸುವುದು ಮತ್ತು ಹಣ ತಡೆಯುವುದು ಎರಡು ಬೇರೆ ತೊಂದರೆಗಳೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಈ ಪ್ರಕರಣದಲ್ಲಿ ಮೊದಲನೆಯದೇ ಎರಡನೆಯದರ ಉಪಾಯವಾಗಿತ್ತು.

ಐದೂ ಪುಟಗಳು ಸಿದ್ಧವಾಗಿ, ಅವರದೇ ಡೊಮೇನಿನಲ್ಲಿ ತೆರೆದುಕೊಂಡ ಬಳಿಕ ಮೊದಲ ಬೇಡಿಕೆ ಫೋನಿನಲ್ಲಿ ಬಂತು: “ತಮಾ, ಕೋಣೆ ಬುಕ್ ಮಾಡುವುದೊಂದು ಹಾಕಿಕೊಡು, ಎಲ್ಲ ಒಟ್ಟಿಗೇ ಲೆಕ್ಕ ಮಾಡುವಾ.” ಕೇಳುವುದಕ್ಕೆ ಇದು ಒಂದು ಬಟನ್ನಿನ ಕೆಲಸ. ಆದರೆ ಅದೇ ಕೋಣೆಗಳು ಬೇರೆ ಬುಕಿಂಗ್ ಆ್ಯಪ್‌ಗಳಲ್ಲೂ ಇದ್ದುದರಿಂದ, ಒಂದೇ ಕೋಣೆ ಇಬ್ಬರಿಗೆ ಹೋಗದಂತೆ ಕ್ಯಾಲೆಂಡರುಗಳನ್ನು ಪರಸ್ಪರ ಜೋಡಿಸಬೇಕಿತ್ತು. ಆನ್‌ಲೈನಿನಲ್ಲಿ ಹಣ ಪಡೆಯಬೇಕೆಂದರೆ ಪೇಮೆಂಟ್ ಗೇಟ್‌ವೇಗೆ ಮಾಲೀಕರ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರ ಒದಗಿಸಿ, ಬುಕಿಂಗ್ ರದ್ದಾದರೆ ಹಣ ಮರಳಿಸುವ ನಿಯಮದ ಪುಟವನ್ನೂ ಬರೆಯಬೇಕಿತ್ತು. ಆ ವಿವರಗಳನ್ನು ಅವರು ವಾರಗಟ್ಟಲೆ ಕಳಿಸಲಿಲ್ಲ. ಆದರೂ ‘ಬುಕಿಂಗ್ ಇನ್ನೂ ಆಗಲಿಲ್ಲವಲ್ಲ’ ಎಂಬ ದೂರು ಮಾತ್ರ ನನ್ನ ಮೇಲೆಯೇ. ಅಷ್ಟರೊಳಗೆ ಊಟದ ಮೆನು ಕಾರ್ಡ್, ರಸ್ತೆಬದಿಯ ಫಲಕದ ವಿನ್ಯಾಸ, ಡಿಸೆಂಬರ್ ಸೀಸನ್ನಿಗೆ ಇನ್‌ಸ್ಟಾಗ್ರಾಂ ಪೋಸ್ಟರುಗಳು ಒಂದರ ಹಿಂದೊಂದು ಬಂದವು. ಎಲ್ಲವೂ ಫೋನ್ ಕರೆ ಇಲ್ಲವೇ ವಾಯ್ಸ್ ಮೆಸೇಜಿನಲ್ಲಿ, ಬರಹದಲ್ಲಿ ಒಂದೂ ಇಲ್ಲ. ಹಣದ ವಿಷಯ ಎತ್ತಿದ ದಿನ ಮಾತ್ರ ಅವರಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ!

ಇಲ್ಲಿ ತಿಳಿದಿರಬೇಕಾದ ಕಾನೂನು 2006ರ ಎಂಎಸ್‌ಎಂಇ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ. ಇಂತಹ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಇರುವ ಸಣ್ಣ ಸೇವಾದಾರರಿಗೆ, ಲಿಖಿತ ಗಡುವು ಇಲ್ಲದಿದ್ದರೆ, ಕೆಲಸ ಸ್ವೀಕಾರವಾದ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ಲಿಖಿತ ಒಪ್ಪಂದವಿದ್ದರೂ ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟಿನಂತೆ, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ಬೀಳುತ್ತದೆ. ಇದಕ್ಕಿಂತ ಮುಖ್ಯವಾದದ್ದು ‘ಸ್ವೀಕಾರ’ ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥ: ಕೆಲಸ ಒಪ್ಪಿಸಿದ 15 ದಿನಗಳೊಳಗೆ ಗ್ರಾಹಕರು ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ, ಒಪ್ಪಿಸಿದ ದಿನವೇ ಸ್ವೀಕಾರದ ದಿನವೆಂದು ಪರಿಗಣಿತವಾಗುತ್ತದೆ. ಫೋನಿನಲ್ಲಿ ಗೊಣಗಿದ್ದು ಲಿಖಿತ ಆಕ್ಷೇಪವಲ್ಲ, ಹೊಸ ಬೇಡಿಕೆಯಂತೂ ಆಕ್ಷೇಪವೇ ಅಲ್ಲ. ಆದ್ದರಿಂದ ಮೂಲ ಕೆಲಸ ಮುಗಿದ ದಿನವೇ ‘ಒಪ್ಪಂದದ ಐದು ಪುಟಗಳನ್ನು ಇಂದು ಒಪ್ಪಿಸಿದ್ದೇನೆ’ ಎಂದು ಲಿಂಕ್ ಮತ್ತು ಬಿಲ್ ಸಹಿತ ಇಮೇಲ್ ಕಳಿಸಿಡಬೇಕು. ಕೆಲಸ ಒಪ್ಪಿಸಿದ್ದಕ್ಕೆ ನನ್ನ ಬಳಿ ಇದ್ದ ಗಟ್ಟಿ ದಾಖಲೆ ಅದೊಂದೇ.

ಹೆಚ್ಚುವರಿ ಕೆಲಸಕ್ಕೆ, ಕರೆ ಮುಗಿದ ಕೂಡಲೇ ಹೀಗೊಂದು ಸಂದೇಶ ಬರೆದು ಕಳಿಸಿದರೆ ಸಾಕು: ‘ಬುಕಿಂಗ್ ವ್ಯವಸ್ಥೆ ಮೂಲ ಒಪ್ಪಂದದಲ್ಲಿ ಇಲ್ಲ. ಇದಕ್ಕೆ ₹18,000 ಪ್ರತ್ಯೇಕ, ಅರ್ಧ ಮುಂಗಡ. ಮೂಲ ಬಾಕಿ ₹30,000ಕ್ಕೂ ಇದಕ್ಕೂ ಸಂಬಂಧವಿಲ್ಲ. ಒಪ್ಪಿಗೆಯಿದ್ದರೆ ತಿಳಿಸಿ.’ ಇದರಲ್ಲಿ ಮೂರನೆಯ ವಾಕ್ಯವನ್ನು ಬಿಡಬಾರದು. ಎರಡು ಲೆಕ್ಕಗಳು ಒಂದಾಗಲು ಬಿಟ್ಟರೆ, ಅರ್ಧಕ್ಕೆ ನಿಂತ ಬುಕಿಂಗ್ ಪುಟವನ್ನು ತೋರಿಸಿ, ಮುಗಿದ ಐದು ಪುಟಗಳ ಹಣವನ್ನೂ ತಡೆಹಿಡಿಯುತ್ತಾರೆ. ಈ ಮಾಲೀಕರು ಇಂತಹ ಸಂದೇಶಕ್ಕೆ ಹೌದು, ಅಲ್ಲ ಎರಡನ್ನೂ ಹೇಳದೆ, ಮರುದಿನ ಮತ್ತೊಂದು ಕೆಲಸದ ವಾಯ್ಸ್ ಮೆಸೇಜ್ ಕಳಿಸಿದರು. ಕೆಲಸ ನಿಲ್ಲಿಸಬೇಕಾದ ಗಳಿಗೆ ಅದೇ.

ನಾನು ನಿಲ್ಲಿಸಿದಾಗ ‘ಅರ್ಧಕ್ಕೆ ಕೈಬಿಟ್ಟ’ ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದರು. ಉದ್ಯಮ್ ಸಂಖ್ಯೆ, ಒಪ್ಪಿಸಿದ ದಿನಾಂಕ ಮತ್ತು ಬಡ್ಡಿಯ ನಿಯಮವನ್ನು ನಮೂದಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದ ಮೇಲೆ ಮೂಲ ಬಾಕಿ ಮಾತ್ರ ಬಂತು, ಬಡ್ಡಿ ಬರಲಿಲ್ಲ. ಮೂಲ ಬಾಕಿಯೂ ಬಾರದಿದ್ದರೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕ, ಇಂತಹ ಬಾಕಿಯ ವ್ಯಾಜ್ಯಗಳನ್ನು ನೋಡುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಸಲ್ಲಿಸಬಹುದಿತ್ತು. ಅಲ್ಲಿ ಮೊದಲು ರಾಜಿ ಸಂಧಾನ, ಅದು ಮುರಿದರೆ ತೀರ್ಪು ಕೊಡುವ ಮಧ್ಯಸ್ಥಿಕೆ ನಡೆಯುತ್ತದೆ. ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಳ್ಳಿ. ಅದಕ್ಕೆ ಶುಲ್ಕವಿಲ್ಲ, ಮತ್ತು ವ್ಯವಹಾರ ಕೆಟ್ಟ ಮೇಲೆ ಮಾಡಿಸಿದ ನೋಂದಣಿಯ ಮೇಲೆ ಎದುರಿನವರು ತಕರಾರು ತೆಗೆಯುತ್ತಾರೆ. ಮೆನು ಕಾರ್ಡ್ ಮತ್ತು ಪೋಸ್ಟರುಗಳ ಹಣ ಇಂದಿಗೂ ಬಂದಿಲ್ಲ. ಅವುಗಳಿಗೆ ದರವನ್ನು ಒಪ್ಪಿದ ಒಂದು ಸಾಲೂ ಅವರ ಕಡೆಯಿಂದ ಬರಹದಲ್ಲಿಲ್ಲ.