ಮಂಡಕ್ಕಿ ಒಗ್ಗರಣೆಗೆ ಮೂರು ಬಗೆಯ ಕಾರ್ಡು: ಚಮಚದ ಲೆಕ್ಕ, ಗ್ರಾಂ ಲೆಕ್ಕ, ತೂಗಿಟ್ಟ ಡಬ್ಬಿ

ಬಳ್ಳಾರಿಯಲ್ಲಿ ನಮ್ಮದು ಚಿಕ್ಕ ಟಿಫಿನ್ ಹೋಟೆಲ್. ಬೆಳಿಗ್ಗೆ ಒಬ್ಬ ಮಾಸ್ಟರ್, ಸಂಜೆ ಒಬ್ಬ ಅಕ್ಕ. ಇಬ್ಬರ ಕೈರುಚಿಯೂ ಚೆನ್ನಾಗಿದೆ. ಆದರೆ ಎರಡು ಹೊತ್ತೂ ಬರುವ ಒಬ್ಬ ಹಳೇ ಗಿರಾಕಿ ಒಂದು ದಿನ ಕೇಳಿದರು: "ಬೆಳಗಿನ ಒಗ್ಗರಣೆ ಒಂದು ಹೋಟ್ಲಿಂದು, ಸಂಜೆದು ಇನ್ನೊಂದು ಹೋಟ್ಲಿಂದು ಇದ್ದಂಗ ಐತಲ್ರೀ?" ಆ ಮಾತು ತಲೆಯಲ್ಲಿ ಕೂತಿತು. ಮಿರ್ಚಿ ಜೊತೆ ಒಗ್ಗರಣೆ ತಿನ್ನೋಕೇ ನಮ್ಮಲ್ಲಿಗೆ ಬರುವವರು ಜಾಸ್ತಿ. ಅದಕ್ಕೇ ಮೊದಲು ಅದರ ಅಳತೆಯ ಕಾರ್ಡು ಬರೆಯೋಣ ಅಂತ ಕೂತೆ. ಮೂರು ಬಗೆ ಬರೆದು, ಒಂದೊಂದನ್ನೂ ಸುಮಾರು ಮೂರು ವಾರ ನಡೆಸಿ ನೋಡಿದೆ.

ಮೂರಕ್ಕೂ ಮೂಲ ಅಳತೆ ಒಂದೇ. ಒಂದು ಕೆ.ಜಿ. ಒಣ ಮಂಡಕ್ಕಿ, ಅರ್ಧ ಕೆ.ಜಿ. ಉಳ್ಳಾಗಡ್ಡಿ, 90 ಗ್ರಾಂ ಹಸಿಮೆಣಸಿನಕಾಯಿ ಪೇಸ್ಟ್, 120 ಗ್ರಾಂ ಪುಟಾಣಿ ಹಿಟ್ಟು, 30 ಗ್ರಾಂ ಉಪ್ಪು. ಮೇಲೆ ಎಣ್ಣೆ, ಶೇಂಗಾ, ಕರಿಬೇವು, ಅರಿಶಿನ, ಕೊತ್ತಂಬರಿ, ಲಿಂಬೆ. ಎಲ್ಲ ಸೇರಿ ಸುಮಾರು 3.3 ಕೆ.ಜಿ. ಆಗಬೇಕು. ತಟ್ಟೆಗೆ 165 ಗ್ರಾಂ ಹಾಕಿದರೆ ಇಪ್ಪತ್ತು ತಟ್ಟೆ.

ಮೊದಲನೆಯದು ಚಮಚ, ಬಟ್ಟಲು, ಬಕೆಟ್ಟಿನ ಕಾರ್ಡು. ಓದೋಕೆ ಸುಲಭ, ಯಾರಿಗೂ ಕಲಿಸಬೇಕಿಲ್ಲ. ಉಪ್ಪು ಎರಡು ಚಮಚ ಅಂತ ಬರೆದಿದ್ದೆ. ನಮ್ಮ ಚಮಚದಲ್ಲಿ ಪುಡಿ ಉಪ್ಪು ಮಟ್ಟಸವಾಗಿ 15 ಗ್ರಾಂ ಹಿಡಿಯುತ್ತದೆ. ವಾರ ಕಳೆದರೂ ರುಚಿ ಒಂದಾಗಲಿಲ್ಲ. ಆಗ ಒಂದು ಕೆಲಸ ಮಾಡಿದೆ. ಶಿಫ್ಟ್ ಶುರುವಾಗುವ ಮುಂಚೆ ಉಪ್ಪಿನ ಡಬ್ಬ ತೂಗಿದೆ, ಮುಗಿದ ಮೇಲೆ ಮತ್ತೆ ತೂಗಿದೆ. ಬೆಳಿಗ್ಗೆ ಎಂಟು ಸಲ ಒಗ್ಗರಣೆ ಬಿದ್ದಿತ್ತು. 240 ಗ್ರಾಂ ಖಾಲಿಯಾಗಬೇಕಿತ್ತು, ಆಗಿದ್ದು 350 ಗ್ರಾಂ ಹತ್ತಿರ. ಸಂಜೆ ಆರು ಸಲ. 180 ಗ್ರಾಂ ಹೋಗಬೇಕಿತ್ತು, ಹೋಗಿದ್ದು 145 ಗ್ರಾಂ. ಮಾಸ್ಟರ್ ಚಮಚ ಗೋಪುರದ ಹಾಗೆ ತುಂಬುತ್ತಿದ್ದರು. ಅಕ್ಕ ಮಟ್ಟಸವಾಗೇ ಹಾಕುತ್ತಿದ್ದರು, ಆದರೆ ಅವರು ಬಳಸುತ್ತಿದ್ದುದು ಕಲ್ಲುಪ್ಪು. ಹರಳುಗಳ ನಡುವೆ ಜಾಗ ಇರುತ್ತದಲ್ವಾ, ಅದೇ ಚಮಚದಲ್ಲಿ ತೂಕ ಕಡಿಮೆ ಕೂರುತ್ತದೆ. ಇಬ್ಬರೂ ಕಾರ್ಡಿನಂತೆಯೇ ನಡೆದಿದ್ದರು. ತಪ್ಪು ನನ್ನ ಕಾರ್ಡಿನದು. ಇಡೀ ದಿನದ ಉಪ್ಪನ್ನು ಒಟ್ಟಿಗೇ ತೂಗಿದ್ದರೆ ಬೆಳಗಿನ ಜಾಸ್ತಿಯೂ ಸಂಜೆಯ ಕಡಿಮೆಯೂ ಒಂದರಲ್ಲೊಂದು ಸೇರಿ ಅರ್ಧಂಬರ್ಧ ಮುಚ್ಚಿಹೋಗುತ್ತಿತ್ತು. ಶಿಫ್ಟಿಗೊಂದು ಸಲ ತೂಗಿದ್ದಕ್ಕೇ ಸಿಕ್ಕಿತು.

ಮೆಣಸಿನಕಾಯಿಯದೂ ಇದೇ ಕಥೆ. "ಇಪ್ಪತ್ತು ಕಾಯಿ" ಅಂತ ಬರೆದರೆ ಏನೂ ಬರೆದಂತಲ್ಲ. ಸಣ್ಣ ಕಾಯಿ, ದಪ್ಪ ಕಾಯಿ, ಇವತ್ತಿನ ಸಂತೆಯದು, ನಾಳೆಯದು, ಎಲ್ಲದರ ಖಾರ ಬೇರೆ. ಆದರೆ ಮಂಡಕ್ಕಿಗೆ ಬಕೆಟ್ಟಿನ ಅಳತೆ ಚೆನ್ನಾಗಿ ನಡೆಯಿತು. ಒಂದೇ ಚೀಲದ್ದಾದರೆ, ಅಲುಗಿಸದೆ ತುಂಬಿ ಮೇಲೆ ಕೈಯಾಡಿಸಿದರೆ, ತೂಕ ಹೆಚ್ಚು ಏರುಪೇರಾಗಲಿಲ್ಲ.

ಎರಡನೆಯದು ಪೂರ್ತಿ ಗ್ರಾಂ ಕಾರ್ಡು, ಜೊತೆಗೆ ಹತ್ತು ಕೆ.ಜಿ.ವರೆಗೆ ತೂಗುವ ಡಿಜಿಟಲ್ ತಕ್ಕಡಿ. ಮೊದಲ ವಾರ ನನಗೆ ತುಂಬ ಖುಷಿಯಾಯಿತು, ಎರಡು ಹೊತ್ತಿನ ಉಪ್ಪೂ ಲೆಕ್ಕಕ್ಕೆ ಕೂತಿತು. ಎರಡನೇ ವಾರ ಬೆಳಗಿನ ಡಬ್ಬ ಮತ್ತೆ ಜಾಸ್ತಿ ಖಾಲಿಯಾಗತೊಡಗಿತು. ಎಂಟು ಗಂಟೆಯ ಗದ್ದಲದಲ್ಲಿ ಅಡುಗೆಮನೆಯಲ್ಲಿ ನಿಂತು ನೋಡಿದೆ. ಒಂದು ಒಲೆಯಲ್ಲಿ ಮಿರ್ಚಿ ಕರಿಯುತ್ತಿದೆ, ಇನ್ನೊಂದರಲ್ಲಿ ಎಣ್ಣೆ ಕಾದಿದೆ, ಸಾಸಿವೆ ಸಿಡಿಯುತ್ತಿದೆ. ತಕ್ಕಡಿ ಮೇಲೆ ಎಣ್ಣೆ ಜಿಡ್ಡು. ಬಟ್ಟಲಿಟ್ಟು ಸೊನ್ನೆ ಮಾಡುವುದು ಮರೆತರೆ ಬಟ್ಟಲಿನ ತೂಕವೂ ಸೇರುತ್ತದೆ. "ಸಾವ್ಕಾರ್ರೆ, ತಟ್ಟೆ ಕೊಡ್ಲೋ, ತಕ್ಕಡಿ ನೋಡ್ಲೋ?" ಅಂದರು ಮಾಸ್ಟರ್. ಅವರ ಮಾತು ನಿಜ. ಉಳ್ಳಾಗಡ್ಡಿ ಕೆಂಪಾಗುವ ಹೊತ್ತಿನಲ್ಲಿ ಐದು ಸಾಮಾನು ತೂಗು ಅನ್ನುವ ಕಾರ್ಡು ಒಲೆ ಮುಂದೆ ನಿಲ್ಲದವನು ಬರೆದ ಕಾರ್ಡು.

ಆದರೆ ಆ ತಕ್ಕಡಿ ಇದ್ದದ್ದಕ್ಕೇ ದೊಡ್ಡ ಗುಟ್ಟೊಂದು ಹೊರಬಿತ್ತು. ಸಂಜೆ ಉಪ್ಪು ಸರಿಯಾಗಿ 30 ಗ್ರಾಂ ಬೀಳುತ್ತಿದ್ದರೂ ಒಗ್ಗರಣೆ ಸಪ್ಪೆ, ಸ್ವಲ್ಪ ಮೆತ್ತಗೆ. ಯಾಕೆ ಅಂತ ನೆನೆಸಿ ಹಿಂಡಿದ ಮಂಡಕ್ಕಿಯನ್ನೇ ತೂಗಿದೆ. ಒಂದು ಕೆ.ಜಿ. ಒಣ ಮಂಡಕ್ಕಿ ಮಾಸ್ಟರ್ ಕೈಯಲ್ಲಿ 2.3 ಕೆ.ಜಿ. ಆಗಿತ್ತು. ಅಕ್ಕನ ಕೈಯಲ್ಲಿ 2.8. ನಾನು ಕಾರ್ಡಿನಲ್ಲಿ ನೆನೆಸುವ ಹೊತ್ತು ಬರೆದಿದ್ದೆ, ಹಿಂಡುವ ಬಿಗಿ ಬರೆದಿರಲಿಲ್ಲ. ಅರ್ಧ ಕೆ.ಜಿ. ನೀರು ಜಾಸ್ತಿ ಉಳಿದರೆ ಅದೇ ಉಪ್ಪು, ಅದೇ ಖಾರ ಅಷ್ಟಕ್ಕೂ ಹರಡಬೇಕು. ಬಡಿಸುವಾಗಲೂ ಮೋಸ. ಅದೇ ಬಟ್ಟಲಲ್ಲಿ ಒದ್ದೆ ಮಂಡಕ್ಕಿ ಒತ್ತಾಗಿ ಕೂರುತ್ತದೆ, ಸಂಜೆ ತಟ್ಟೆ 190 ಗ್ರಾಂ ತೂಗಿತು. ಬೆಳಗಿನದು 155. ತಟ್ಟೆ ಎಣಿಸಿದರೆ ಹತ್ತೊಂಬತ್ತು, ಇಪ್ಪತ್ತು, ವ್ಯತ್ಯಾಸವೇ ಕಾಣುವುದಿಲ್ಲ. ಸುಮ್ನೆ ತಟ್ಟೆ ಎಣಿಸಿಕೊಂಡು ಕೂತಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ.

ಮೂರನೆಯದು ಡಬ್ಬಿ ಕಾರ್ಡು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಅಡುಗೆಮನೆ ಶಾಂತ. ಆಗ ಹುಡುಗ ಒಬ್ಬನೇ ಕೂತು ಅಂದಿನ ಸಂಜೆಗೂ ಮರುದಿನ ಬೆಳಿಗ್ಗೆಗೂ ತೂಗಿಡುತ್ತಾನೆ. ಉಪ್ಪು, ಅರಿಶಿನ ಸೇರಿ ಒಂದು ಸಣ್ಣ ಸ್ಟೀಲ್ ಡಬ್ಬಿ. ಪುಟಾಣಿ ಹಿಟ್ಟಿಗೆ ಇನ್ನೊಂದು, ಯಾಕಂದರೆ ಉಪ್ಪಿನ ಜೊತೆ ಇಟ್ಟರೆ ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ಮೆಣಸಿನಕಾಯಿ ಎಲ್ಲ ಒಟ್ಟಿಗೆ ರುಬ್ಬಿ, 90 ಗ್ರಾಂನಂತೆ ಫ್ರಿಜ್ಜಿಗೆ. ಗ್ರಾಂ ಎಷ್ಟೇ ಸರಿ ಇದ್ದರೂ ಕಾಯಿಯ ಖಾರ ಸರಿ ಆಗುವುದಿಲ್ಲ. ಎರಡು ಶಿಫ್ಟಿಗೂ ಒಂದೇ ರುಬ್ಬಿದ್ದು ಹೋದರೆ ಸಂಜೆಗೂ ಮರುಬೆಳಿಗ್ಗೆಗೂ ಒಂದೇ ಖಾರ. ಒಲೆ ಮುಂದೆ ಇರುವವರ ಕೆಲಸ ಡಬ್ಬಿ ಬಗ್ಗಿಸುವುದಷ್ಟೇ. ಶಿಫ್ಟ್ ಮುಗಿದಾಗ ಖಾಲಿ ಡಬ್ಬಿ ಎಣಿಸಿದರೆ ಎಷ್ಟು ಸಲ ಒಗ್ಗರಣೆ ಬಿತ್ತು ಅನ್ನುವುದೂ ಗೊತ್ತಾಗುತ್ತದೆ.

ನಾನು ಉಳಿಸಿಕೊಂಡದ್ದು ಇದನ್ನೇ, ಆದರೆ ಮೊದಲ ಎರಡರ ಒಳ್ಳೆಯದನ್ನೂ ಸೇರಿಸಿ. ಮಂಡಕ್ಕಿ, ಎಣ್ಣೆ ಅಳೆಯೋಕೆ ಬಕೆಟ್ಟು, ಸೌಟು. ತಕ್ಕಡಿಗೆ ಒಲೆ ಹತ್ತಿರ ಉಳಿದದ್ದು ಒಂದೇ ಕೆಲಸ: ಹಿಂಡಿದ ಮಂಡಕ್ಕಿಯ ಬುಟ್ಟಿ 2.5 ಕೆ.ಜಿ. ಬರಬೇಕು. ಜಾಸ್ತಿ ಬಂದರೆ ಇನ್ನೊಮ್ಮೆ ಹಿಂಡಬೇಕು. ಕಡಿಮೆ ಬಂದರೆ ಸ್ವಲ್ಪ ನೀರು ಚಿಮುಕಿಸಬೇಕು. ಕಾರ್ಡಿನಲ್ಲಿ ಈ ಸಾಲನ್ನು ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದಿದ್ದೇನೆ. ಬಟ್ಟಲನ್ನು ಒತ್ತದೆ ತುಂಬಿದರೆ ಈಗ ಎರಡೂ ಹೊತ್ತು 165 ಗ್ರಾಂ ಆಸುಪಾಸು ಬರುತ್ತದೆ.

ತೊಂದರೆ ಇಲ್ಲದಿಲ್ಲ. ರಾತ್ರಿ ಮುಚ್ಚುವ ಹೊತ್ತಿಗೆ ಹತ್ತೇ ತಟ್ಟೆ ಬೇಕಾದಾಗ ಡಬ್ಬಿಯನ್ನು ಕಣ್ಣಂದಾಜಲ್ಲಿ ಅರ್ಧ ಮಾಡುತ್ತಿದ್ದರು. ಈಗ ದಿನಕ್ಕೆ ಎರಡು ಅರ್ಧ ಡಬ್ಬಿ ಬೇರೆಯೇ ತೂಗಿ, ಮುಚ್ಚಳಕ್ಕೆ ಹಳದಿ ದಾರ ಕಟ್ಟಿಡುತ್ತೇವೆ. ಹುಡುಗ ರಜೆ ಹಾಕಿದ ದಿನ ನಾನೇ ತೂಗುತ್ತೇನೆ.

ಇನ್ನೊಂದು ಮಂಡಕ್ಕಿಯದೇ ವಿಷಯ. ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಹಾಕಿ ಹುರಿಯುತ್ತಾರೆ, ಹಾಗಾಗಿ ಒಂದು ಚೀಲದಲ್ಲಿ ಉಪ್ಪು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಹೊಸ ಚೀಲ ಬಿಚ್ಚಿದಾಗ ಬಕೆಟ್ಟು ತುಂಬಿ ಮತ್ತೆ ತೂಗುತ್ತೇವೆ. ಒಂದು ಹಿಡಿ ನೆನೆಸಿ, ಹಿಂಡಿ, ಮಾಸ್ಟರ್, ಅಕ್ಕ ಇಬ್ಬರೂ ಬಾಯಿಗೆ ಹಾಕಿ ನೋಡುತ್ತಾರೆ. ಕಾರ್ಡಿನಲ್ಲಿ ಉಪ್ಪಿಗೆ ಎರಡು ಸಾಲು ಇದೆ, 30 ಮತ್ತು 22. ಆ ಚೀಲಕ್ಕೆ ಯಾವುದು ಅಂತ ಅವರಿಬ್ಬರೂ ಸೇರಿ ಹೇಳುತ್ತಾರೆ, ಹುಡುಗ ಸೀಮೆಸುಣ್ಣದಲ್ಲಿ ಚೀಲದ ಮೇಲೆ ಬರೆಯುತ್ತಾನೆ, ಚೀಲ ಖಾಲಿಯಾಗುವವರೆಗೆ ಡಬ್ಬಿಗೆ ಅಷ್ಟೇ.