ಆರ್ಡರ್ ಎಂಟ್ರಿ: ಮೂರನೇ ಆಪರೇಟರ್, ಆರ್ಡರ್ ಆ್ಯಪ್, ಇಲ್ಲಾ ಶೀಟ್‌ನಿಂದ ನೇರ ಟ್ಯಾಲಿಗೆ?

ಸರ್, ಆರ್ಡರ್ ಚೀಟಿಗಳನ್ನ ಟ್ಯಾಲಿಗೆ ಹೊಡೆಯೋಕೆ ಈಗಿರೋ ಇಬ್ಬರ ಜೊತೆ ಮೂರನೇ ಆಪರೇಟರ್ ತಗೊಳ್ಳೋದನ್ನ ಸದ್ಯಕ್ಕೆ ತಡೆಹಿಡಿಯಿರಿ ಅಂತ ಕೇಳೋಕೆ ಈ ನೋಟ್ ಬರೆದಿದ್ದೇನೆ. ಅದರ ಬದಲು ಸೇಲ್ಸ್‌ಮನ್‌ಗಳ ಆರ್ಡರ್ ಗೂಗಲ್ ಶೀಟ್‌ನಿಂದ ನೇರವಾಗಿ ಟ್ಯಾಲಿಗೆ ಹೋಗೋ ಹಾಗೆ ಮಾಡೋಣ. ಮೂರೂ ದಾರಿಯನ್ನ ನಮ್ಮ ಹುಬ್ಬಳ್ಳಿ ಆಫೀಸಿನಲ್ಲೇ ನಡೆಸಿ ನೋಡಿದ್ದೇನೆ: ಸೀಸನ್‌ನಲ್ಲಿ ಒಬ್ಬ ಹುಡುಗ ಪಾರ್ಟ್ ಟೈಮ್ ಕೂತಿದ್ದ, ಇಬ್ಬರು ಸೇಲ್ಸ್‌ಮನ್‌ಗಳಿಗೆ ಒಂದು ಆರ್ಡರ್ ಆ್ಯಪ್‌ನ ಫ್ರೀ ಟ್ರಯಲ್ ಕೊಟ್ಟಿದ್ದೆವು, ಗದಗ ರೂಟ್ ಈಗ ಶೀಟ್ ಮೇಲೆ ನಡೀತಿದೆ.

ಮೊದಲು ಈಗಿನ ಲೆಕ್ಕ. ದಿನಕ್ಕೆ ಸುಮಾರು 60 ಆರ್ಡರ್ ಬರುತ್ತವೆ. ಅದರಲ್ಲಿ 45 ಬರೋದು ಆರು ಜನ ಸೇಲ್ಸ್‌ಮನ್‌ಗಳ ಮೂಲಕ, ಉಳಿದ 15 ಅಂಗಡಿಯವರೇ ಫೋನ್ ಮಾಡಿಯೋ ವಾಟ್ಸಾಪ್‌ನಲ್ಲಿ ಚೀಟಿಯ ಫೋಟೋ ಕಳಿಸಿಯೋ ಕೊಡೋದು. ಗಡಿಯಾರ ಇಟ್ಟು ನೋಡಿದರೆ ಒಂದು ಆರ್ಡರ್‌ಗೆ ಸರಾಸರಿ ಎಂಟು ನಿಮಿಷ ಬೇಕು. ಈ ಎಂಟರಲ್ಲಿ ಟೈಪಿಂಗ್ ಅರ್ಧವೂ ಇಲ್ಲ. ಜಾಸ್ತಿ ಹೊತ್ತು ಹೋಗೋದು ಚೀಟಿಯಲ್ಲಿ ಬರೆದದ್ದು ನಮ್ಮ ಯಾವ ಐಟಂ ಅಂತ ಗೊತ್ತು ಮಾಡಿಕೊಳ್ಳೋಕೆ, ಗೊತ್ತಾಗದಿದ್ದರೆ ಸೇಲ್ಸ್‌ಮನ್‌ಗೆ ಫೋನ್ ಹಚ್ಚೋಕೆ. ಇದನ್ನ ಹಿಡಿಯದೆ ಯಾವ ದಾರಿ ಹಿಡಿದರೂ ಉಪಯೋಗ ಇಲ್ಲ ಅಂತ ನನಗೆ ಅನಿಸಿದೆ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಗದಗಿನ ಒಂದು ಅಂಗಡಿಯಿಂದ 18 ಸಾಲಿನ ಚೀಟಿ ಬಂತು. ಅದರಲ್ಲಿ "ಬ್ರಾಸ್ ಎಲ್ಬೋ ಮುಕ್ಕಾಲು 20" ಅಂತ ಒಂದು ಸಾಲು. ನಮ್ಮ ಸಿಪಿವಿಸಿ ಲಿಸ್ಟ್‌ನಲ್ಲಿ ಇದಕ್ಕೆ ಎರಡು ಐಟಂ ಹೊಂದುತ್ತವೆ. ಒಂದು 20×15, ಅಂದರೆ ಪೈಪ್ ಕಡೆ ಮುಕ್ಕಾಲು ಇಂಚು, ನಲ್ಲಿ ಕೂರೋ ಕಡೆ ಅರ್ಧ ಇಂಚು. ಇನ್ನೊಂದು ಎರಡೂ ಕಡೆ ಮುಕ್ಕಾಲು. ಮನೆಗೆಲಸದ ಪ್ಲಂಬರ್ ಕೇಳೋದು ಹೆಚ್ಚಾಗಿ ಮೊದಲನೇದನ್ನ, ಆದರೆ ಚೀಟಿ ಅದನ್ನ ಹೇಳಲ್ಲ. ಕೆಳಗಿನ ಸಾಲಿನಲ್ಲಿ "ಒಂದಿಂಚು ಪೈಪ್ 10" ಅಂತಿತ್ತು. ಮೂರು ಮೀಟರ್‌ದಾ, ಐದು ಮೀಟರ್‌ದಾ? ಸೇಲ್ಸ್‌ಮನ್ ಅಷ್ಟೊತ್ತಿಗೆ ಮುಂಡರಗಿ ಕಡೆ ಗಾಡಿ ಮೇಲೆ ಇರುತ್ತಾನೆ, ಫೋನ್ ಎತ್ತಲ್ಲ. ಆಪರೇಟರ್ ತನ್ನ ಅಂದಾಜಿನ ಮೇಲೆ ಒಂದನ್ನ ಹಾಕುತ್ತಾಳೆ. ಅಂದಾಜು ತಪ್ಪಿದರೆ ಮಾಲು ವಾಪಸ್ ಬರುತ್ತದೆ, ಗಾಡಿ ಬಾಡಿಗೆ ನಮ್ಮ ಮೇಲೆ. ನಾವು ಇ-ಇನ್ವಾಯ್ಸ್ ಮಾಡೋ ಸಂಸ್ಥೆ, ಹಾಗಾಗಿ ಬಿಲ್ಲನ್ನ ಪೋರ್ಟಲ್‌ನಲ್ಲಿ 24 ಗಂಟೆಯೊಳಗೆ ಮಾತ್ರ ಕ್ಯಾನ್ಸಲ್ ಮಾಡಬಹುದು. ಮಾಲು ತಪ್ಪಿದ್ದು ಗದಗಿನಲ್ಲಿ ಪೆಟ್ಟಿಗೆ ಬಿಚ್ಚಿದಾಗಲೇ ಗೊತ್ತಾಗೋದು, ಅಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ಆಮೇಲೆ ಕ್ರೆಡಿಟ್ ನೋಟ್ ಮಾಡಿ, ಹೊಸ ಬಿಲ್ ಮಾಡಿ, ಅಂಗಡಿಯವರ ಹತ್ತಿರ ಮಾತು ಕೇಳಬೇಕು.

ಈಗ ಮೂರನೇ ಆಪರೇಟರ್ ವಿಷಯಕ್ಕೆ ಬರ್ತೀನಿ. ಸೀಸನ್‌ನಲ್ಲಿ ಕೂತ ಹುಡುಗ ಟೈಪಿಂಗ್‌ನಲ್ಲಿ ಚುರುಕು, ಅವನ ಬಗ್ಗೆ ದೂರಿಲ್ಲ. ಸೇಲ್ಸ್‌ಮನ್‌ಗಳು ಸಂಜೆ ತಂದ ಚೀಟಿಗಳನ್ನ ಬೆಳಿಗ್ಗೆ ಮೂವರು ಹಂಚಿಕೊಂಡದ್ದಕ್ಕೆ ಗಾಡಿಯೂ ಬೇಗ ಹೊರಟಿತು. ಆದರೆ ಯಾವ ಅಂಗಡಿಯವರು ಯಾವುದಕ್ಕೆ ಏನಂತಾರೆ ಅನ್ನೋದು ಹಳೆಯ ಇಬ್ಬರ ತಲೆಯಲ್ಲಿದೆ, ಅವನಿಗೆ ಅದು ಗೊತ್ತಿಲ್ಲ. ಪ್ರತಿ ಎರಡು ಮೂರು ಸಾಲಿಗೆ ಒಮ್ಮೆ "ಅಕ್ಕಾ, ಇದು ಯಾವುದ್ರಿ?" ಅಂತ ಪಕ್ಕದ ಟೇಬಲ್‌ಗೆ ಕೇಳುತ್ತಿದ್ದ. ಇಬ್ಬರ ಕೆಲಸ ನಿಲ್ಲುತ್ತಿತ್ತು. ತಿಂಗಳಿಗೆ 14,000 ಸಂಬಳ ಅಂದರೆ ವರ್ಷಕ್ಕೆ 1,68,000, ಜೊತೆಗೆ ಕಂಪ್ಯೂಟರ್ ಒಂದು. ಇಷ್ಟು ಖರ್ಚು ಮಾಡಿದರೂ ಚೀಟಿಯ ಗೊಂದಲ ಹಾಗೇ ಉಳಿಯುತ್ತದೆ.

ಚೀಟಿಯ ಫೋಟೋದಿಂದ ಅಕ್ಷರ ಓದಿಸೋದನ್ನೂ ಒಮ್ಮೆ ನೋಡಿದೆವು. ಕನ್ನಡ ಅಕ್ಷರ, ಇಂಗ್ಲಿಷ್ ಅಂಕಿ, ಮಧ್ಯೆ ಗೀಟು ಹೊಡೆದು ಬರೆದ ಅರ್ಧ ಇಂಚು. ಆ ಗೀಟನ್ನ ಬಿಟ್ಟು 12 ಅಂತ ಓದಿದ್ದೇ ಸಾಕಾಯಿತು, ಅದನ್ನ ಅಲ್ಲಿಗೇ ಬಿಟ್ಟೆವು.

ಆರ್ಡರ್ ಆ್ಯಪ್ ನಿಜಕ್ಕೂ ಒಳ್ಳೆಯದೇ, ಒಂದು ವಿಷಯದಲ್ಲಿ ನಮ್ಮ ಶೀಟ್‌ಗಿಂತ ಮುಂದೆ: ಗೋದಾಮಿನಲ್ಲಿ ಎಷ್ಟು ಸ್ಟಾಕ್ ಇದೆ ಅನ್ನೋದು ಅಂಗಡಿಯಲ್ಲೇ ಕಾಣುತ್ತದೆ. ಶೀಟ್‌ನಲ್ಲಿ ಅದಿಲ್ಲ. ತೊಂದರೆ ಬಂದದ್ದು ಐಟಂ ಹುಡುಕುವಾಗ. ಅಂಗಡಿಯವರ ಮಾತಿನಲ್ಲಿ ಹುಡುಕಿದರೆ ಸಿಗಲ್ಲ, ಕಂಪನಿಯ ಪೂರ್ತಿ ಹೆಸರೇ ಬೇಕು, ಇಲ್ಲಾ ಒಂದೊಂದೇ ಗ್ರೂಪ್ ತೆಗೆದು ಇಳೀಬೇಕು. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ ಮಾಲೀಕರು ಅಷ್ಟೊತ್ತು ಕಾಯ್ತಾರಾ? ಹಾಗಾಗಿ ನಮ್ಮವರು ಮೊದಲು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಚಹಾದಂಗಡಿಯಲ್ಲಿ ಕೂತು ಆ್ಯಪ್‌ಗೆ ಹಾಕತೊಡಗಿದರು. ಅಂದರೆ ಅದೇ ಚೀಟಿ, ಅದೇ ಅಂದಾಜು, ಜಾಗ ಮಾತ್ರ ಬೇರೆ. ಆ್ಯಪ್‌ನವರು ಹೇಳಿದ ರೇಟ್ ಒಬ್ಬರಿಗೆ ತಿಂಗಳಿಗೆ 500, ಆರು ಜನಕ್ಕೆ 3,000. ಟ್ಯಾಲಿಗೆ ಜೋಡಿಸೋಕೆ ಒಂದು ಸಲಕ್ಕೆ 18,000. ಮೊದಲ ವರ್ಷ 54,000, ಆಮೇಲೆ ಪ್ರತಿ ವರ್ಷ 36,000, ಜಿಎಸ್‌ಟಿ ಬೇರೆ. ಬಿಟ್ಟ ದಿನ ಆರ್ಡರ್‌ಗಳ ಹಳೇ ದಾಖಲೆ ಹೇಗೆ ಕೊಡ್ತೀರಿ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ.

ಶೀಟ್ ಹೀಗಿದೆ. ಪ್ರತಿ ಸೇಲ್ಸ್‌ಮನ್‌ಗೂ ಒಂದು ಗೂಗಲ್ ಶೀಟ್. ಅವರು ಅಂಗಡಿಯವರ ಮಾತನ್ನೇ, ಇಲ್ಲಾ ನಾವು ಕೊಟ್ಟ ಚಿಕ್ಕ ಕೋಡನ್ನ ಹಾಕುತ್ತಾರೆ, ಪಕ್ಕದ ಕಾಲಂನಲ್ಲಿ ಟ್ಯಾಲಿಯ ಪೂರ್ತಿ ಹೆಸರು ತಾನೇ ಬರುತ್ತದೆ. ಆ ಮಾತು, ಕೋಡುಗಳ ಲಿಸ್ಟ್ ಇರೋದು `Items` ಅನ್ನೋ ಹಾಳೆಯಲ್ಲಿ, ಅಲ್ಲಿಂದ ಹೆಸರು ತರೋಕೆ ಬೇಕಾದ್ದು ಇಷ್ಟೇ:

```
=IFERROR(VLOOKUP(TRIM(B2),Items!A:C,2,FALSE),"CHECK")
```

ಕೊನೆಯ `FALSE` ಬಹಳ ಮುಖ್ಯ. ಅದನ್ನ ಬಿಟ್ಟರೆ ಸೂತ್ರ ಹತ್ತಿರದ ಇನ್ಯಾವುದೋ ಐಟಂ ತಂದು ಕೂರಿಸುತ್ತದೆ, ನೋಡೋಕೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. `TRIM` ಇರೋದು ಮೊಬೈಲ್‌ನಲ್ಲಿ ಪದದ ಹಿಂದೆ ಸೇರಿಕೊಳ್ಳೋ ಖಾಲಿ ಜಾಗ ತೆಗೆಯೋಕೆ. ಇನ್ನೊಂದು ಕಾಟ ಅಳತೆಯದು. 1/2 ಅಂತ ಹೊಡೆದರೆ ಶೀಟ್ ಅದನ್ನ ತಾರೀಖು ಮಾಡಿಬಿಡುತ್ತದೆ. ಅದಕ್ಕೇ ಆ ಕಾಲಂ ಪೂರ್ತಿ ಪ್ಲೇನ್ ಟೆಕ್ಸ್ಟ್ ಮಾಡಿದ್ದೇವೆ, ಕೋಡ್‌ಗಳಲ್ಲಿ ಇಂಚಿನ ಬದಲು ಮಿಲಿಮೀಟರ್ ಇಟ್ಟಿದ್ದೇವೆ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು `CHECK` ಅನ್ನೋ ಪದ. ಎರಡು ಅರ್ಥ ಬರೋ ಮಾತುಗಳನ್ನ ನಾವು ಬೇಕಂತಲೇ ಲಿಸ್ಟ್‌ಗೆ ಸೇರಿಸಿಲ್ಲ. "ಬ್ರಾಸ್ ಎಲ್ಬೋ ಮುಕ್ಕಾಲು" ಹೊಡೆದರೆ `CHECK` ಬರುತ್ತದೆ. ಆಗ ಸೇಲ್ಸ್‌ಮನ್ ಅಲ್ಲೇ "ಅಣ್ಣಾರ, ಈ ಕಡೆ ಅರ್ಧ ಬೇಕೋ, ಎರಡೂ ಮುಕ್ಕಾಲೋ?" ಅಂತ ಕೇಳುತ್ತಾನೆ. "ಅರ್ಧದ್ದ ಹಾಕ್ರಿ, ನಲ್ಲಿಗೆ ಬೇಕು" ಅಂತಾರೆ. ಕೆಲಸ ಆಯ್ತು. ಆಫೀಸಿನಲ್ಲಿ ಫೋನ್ ಹಚ್ಚಿ ಕಾಯೋ ಪ್ರಶ್ನೆ, ಉತ್ತರ ಹೇಳೋರು ಎದುರಿಗೆ ಇರುವಾಗಲೇ ಮುಗೀತು. ಪೈಪ್‌ಗೂ ಹಾಗೇ, ಮೂರು ಮೀಟರ್ ಮತ್ತು ಐದು ಮೀಟರ್‌ಗೆ ಬೇರೆ ಬೇರೆ ಕೋಡ್. ಡಜನ್, ಬಾಕ್ಸ್, ಪೀಸ್ ಗಲಾಟೆ ಬೇಡ ಅಂತ ಲಿಸ್ಟ್‌ನ ಮೂರನೇ ಕಾಲಂನಿಂದ ಯುನಿಟ್ ಕೂಡ ತಾನೇ ಬರುತ್ತದೆ.

ಆಫೀಸಿನಲ್ಲಿ ದಿನಕ್ಕೆ ಎರಡು ಸಲ ಶೀಟ್ ಇಳಿಸಿಕೊಂಡು, `CHECK` ಉಳಿದಿದೆಯಾ ನೋಡಿ, ಟ್ಯಾಲಿಪ್ರೈಮ್‌ಗೆ ಎಕ್ಸೆಲ್‌ನಿಂದಲೇ ಇಂಪೋರ್ಟ್ ಮಾಡುತ್ತೇವೆ. ಈ ಸೌಲಭ್ಯ ನಮ್ಮ ಈಗಿನ ವರ್ಷನ್‌ನಲ್ಲೇ ಇದೆ, ಬೇರೆ ಸಾಫ್ಟ್‌ವೇರ್ ಬೇಡ. ಯಾವ ಕಾಲಂ ಎಲ್ಲಿಗೆ ಹೋಗಬೇಕು ಅಂತ ಒಮ್ಮೆ ಹೊಂದಿಸಿದರೆ ಸಾಕು. ಇಂಪೋರ್ಟ್ ಆಗೋದು ಸೇಲ್ಸ್ ಆರ್ಡರ್ ಆಗಿ ಮಾತ್ರ, ಬಿಲ್ ಆಗಿ ಅಲ್ಲ. ಆರ್ಡರ್‌ನಲ್ಲಿ ತಪ್ಪಿದ್ದರೆ ತಿದ್ದಬಹುದು, ಸ್ಟಾಕ್ ಕಡಿಮೆ ಆಗಲ್ಲ, ಇ-ಇನ್ವಾಯ್ಸ್ ಇನ್ನೂ ಹುಟ್ಟಿರಲ್ಲ. ಬಿಲ್ ಮಾಡೋದು, ಡಿಸ್ಕೌಂಟ್ ಹಾಕೋದು ಈಗಿನ ಹಾಗೇ ಮನುಷ್ಯರ ಕೈಯಲ್ಲೇ ಇರಲಿ. ಹೆದರಬೇಕಾದ್ದು ಒಂದೇ ಫೈಲ್ ಎರಡು ಸಲ ಒಳಗೆ ಹೋಗೋದಕ್ಕೆ. ಅದಕ್ಕೆ ಇಂಪೋರ್ಟ್ ಮೊದಲು ಬ್ಯಾಕಪ್, ಮುಗಿದ ಫೈಲ್ ತಕ್ಷಣ ಬೇರೆ ಫೋಲ್ಡರ್‌ಗೆ, ಆರ್ಡರ್ ನಂಬರ್ ಶೀಟ್‌ನಿಂದಲೇ ಬರಲಿ, ಟ್ಯಾಲಿಯಲ್ಲಿ `Prevent duplicates` ಆನ್ ಇರಲಿ.

ಸಮಯದ ಲೆಕ್ಕ. ಈಗ 60 ಆರ್ಡರ್‌ಗೆ ಎಂಟು ನಿಮಿಷದಂತೆ 480 ನಿಮಿಷ. ಶೀಟ್‌ನಲ್ಲಿ ಬಂದ ಆರ್ಡರ್‌ಗೆ ಆಫೀಸಿನಲ್ಲಿ ಎರಡು ನಿಮಿಷ ಸಾಕು. 45 ಆರ್ಡರ್‌ಗೆ 90 ನಿಮಿಷ. ನೇರವಾಗಿ ಬರೋ 15 ಹಳೇ ರೀತಿಯಲ್ಲೇ ನಡೆಯಲಿ, ಅದಕ್ಕೆ 120. ಒಟ್ಟು 210. ಉಳಿಯೋದು ದಿನಕ್ಕೆ ನಾಲ್ಕೂವರೆ ಗಂಟೆ, 25 ದಿನಕ್ಕೆ 112 ಗಂಟೆ ಚಿಲ್ಲರೆ. ಗಂಟೆಗೆ 70 ರೂಪಾಯಿ ಸಂಬಳದ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 7,900. ಆದರೆ ಸರ್, ಈ 7,900 ನಮ್ಮ ಗಲ್ಲಾಪೆಟ್ಟಿಗೆಗೆ ಬರಲ್ಲ, ಇಬ್ಬರ ಸಂಬಳ ಹೇಗೂ ಕೊಡ್ತೀವಿ. ನಿಜವಾಗಿ ಉಳಿಯೋದು ಮೂರನೆಯವರ 14,000. ಆ ಗಂಟೆಗಳಲ್ಲಿ ಒಬ್ಬರನ್ನ ಬಾಕಿ ವಸೂಲಿಯ ಫೋನ್‌ಗೆ ಕೂರಿಸಿದರೆ ಅದು ಬೇರೆ ಲಾಭ, ಅದನ್ನ ಇಲ್ಲಿ ಸೇರಿಸಿಲ್ಲ.

ಇನ್ನೊಂದು ಕಡೆಯ ಲೆಕ್ಕವನ್ನೂ ಮುಚ್ಚಿಡಬಾರದು. ಸೇಲ್ಸ್‌ಮನ್‌ಗೆ ಪ್ರತಿ ಆರ್ಡರ್‌ಗೆ ಮೂರು ನಿಮಿಷ ಜಾಸ್ತಿ ಬೀಳುತ್ತದೆ, ದಿನಕ್ಕೆ ಒಬ್ಬೊಬ್ಬರಿಗೆ 20-25 ನಿಮಿಷ. ಅವರು ಗೊಣಗುತ್ತಾರೆ, ಅದು ಸಹಜ. ಆದರೆ ಸಂಜೆ ಆಫೀಸಿಗೆ ಬಂದು ಚೀಟಿ ಕೊಟ್ಟು ವಿವರಿಸೋದು ತಪ್ಪುತ್ತದೆ. ಗದಗ ರೂಟಿನವರು ಈಗ ನೇರ ಮನೆಗೆ ಹೋಗ್ತಾರೆ, ಅವರನ್ನೇ ಕೇಳಿ ನೋಡಿ. ನೆಟ್‌ವರ್ಕ್ ಇಲ್ಲದ ಊರಲ್ಲಿ ಶೀಟ್ ಆಫ್‌ಲೈನ್ ತೆರೆಯುತ್ತದೆ, ಆದರೆ ಬೆಳಿಗ್ಗೆ ಹೊರಡೋ ಮೊದಲು ಆ ಆಯ್ಕೆ ಆನ್ ಮಾಡಿರಬೇಕು.

ಖರ್ಚು: ಟ್ಯಾಲಿಯವರಿಗೆ ಹೊಂದಿಸಿಕೊಡೋಕೆ 15,000, ಫೋನ್ ತೀರಾ ಹಳೇದಾದ ಇಬ್ಬರಿಗೆ ಹೊಸ ಫೋನ್ 18,000, ಐಟಂ ಹೆಸರುಗಳ ಲಿಸ್ಟ್ ಮಾಡೋಕೆ ನಮ್ಮ ಆಪರೇಟರ್‌ಗಳ 40 ಗಂಟೆ, ಅಂದರೆ 2,800. ಒಟ್ಟು 35,800. ಆಮೇಲೆ ಹೊಸ ಐಟಂ ಸೇರಿಸೋಕೆ ತಿಂಗಳಿಗೆ ಐದು ಗಂಟೆ, 350 ರೂಪಾಯಿ. ಮೂರನೆಯವರ ಸಂಬಳಕ್ಕೆ ಹೋಲಿಸಿದರೆ ಮೂರು ತಿಂಗಳೊಳಗೆ ಹಾಕಿದ್ದು ವಾಪಸ್. ಲಿಸ್ಟ್‌ನ ಕೆಲಸಕ್ಕೆ ಮಾತ್ರ ಹಳೆಯ ಇಬ್ಬರೇ ಬೇಕು, ಹೊರಗಿನವರಿಂದ ಅದು ಆಗಲ್ಲ. ಅವರಿಗೆ ಎರಡು ಶನಿವಾರ ಮಧ್ಯಾಹ್ನ ಬೇರೆ ಕೆಲಸ ಕೊಡಬೇಡಿ ಅಂತ ಕೇಳಿಕೊಳ್ಳುತ್ತೇನೆ, ಉಳಿದದ್ದನ್ನ ದಿನದ ಕೆಲಸದ ನಡುವೆ ಮುಗಿಸುತ್ತೇವೆ.

ನೀವು ಒಪ್ಪಿದರೆ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಾವೇರಿ ರೂಟ್ ಸೇರಿಸೋಣ, ಅದು ಸರಿಯಾದ ಮೇಲೆ ಧಾರವಾಡ ಮತ್ತು ಹುಬ್ಬಳ್ಳಿಯ ಊರೊಳಗಿನ ರೂಟ್. ಹಾವೇರಿಯಲ್ಲಿ ಒಂದು ತಿಂಗಳಾದ ಮೇಲೂ ಆಫೀಸಿಗೆ ಬರೋ ಹತ್ತು ಸಾಲಿನಲ್ಲಿ ಒಂದಕ್ಕಿಂತ ಜಾಸ್ತಿ `CHECK` ಉಳಿದರೆ ಫೋನ್ ಖರೀದಿ ನಿಲ್ಲಿಸಿ, ಆ್ಯಪ್‌ನವರನ್ನ ಮತ್ತೆ ಕರೆದು ಅಂಗಡಿಯವರ ಮಾತಿನಲ್ಲಿ ಹುಡುಕೋ ಹಾಗೆ ಮಾಡಿಕೊಡ್ತೀರಾ ಅಂತ ಕೇಳೋಣ. ಈಗ ಬೇಕಿರೋದು 15,000ಕ್ಕೆ ನಿಮ್ಮ ಸಹಿ ಮತ್ತು ಆ ಎರಡು ಶನಿವಾರ.